ಆ್ಯಪ್ ಹೋಯಿತು, ಮುಖ ಎಲ್ಲಿದೆ?

*ಸಂಪಾದಕರೇ, ನನ್ನ ಮಗಳು ಒಂದು ಆ್ಯಪಿಗೆ ಹನ್ನೆರಡು ಫೋಟೊ ಹಾಕಿ, ಹಳೇ ಕಾಲದವರ ಹಾಗೆ ಇಳಕಲ್ ಸೀರೆ ಉಟ್ಟ ಚಿತ್ರ ಮಾಡಿಸಿಕೊಂಡಳು. ಎರಡರಲ್ಲಿ ನಮ್ಮತ್ತೆಯವರೂ ಇದ್ದರು. ನಾನು ಬೈದ ಮೇಲೆ ಆ್ಯಪ್ ತೆಗೆದಿದ್ದಾಳೆ. "ಎಲ್ಲಾ ಡಿಲೀಟ್ ಆತಬೇ, ಈಗೇನೂ ಇಲ್ಲ" ಅಂತಾಳೆ. ಇಷ್ಟಕ್ಕೆ ಸುಮ್ನಿರಬಹುದಾ? ನಾನೇ ಜಾಸ್ತಿ ಹೆದರಿದೆನಾ?*
*— ಒಬ್ಬ ತಾಯಿ, ಇಳಕಲ್*

ಅಕ್ಕಾ, ನೀವು ಜಾಸ್ತಿ ಹೆದರಿಲ್ಲ. ಆದರೆ ಮಗಳಿಗೆ ಬೈದದ್ದು ಸ್ವಲ್ಪ ಜಾಸ್ತಿ ಆಯಿತು. ತನ್ನನ್ನು ಚೆಂದ ನೋಡಿಕೊಳ್ಳುವ ಆಸೆ ಯಾರಿಗಿಲ್ಲ? ನಮ್ಮ ಕಾಲದಲ್ಲಿ ಸ್ಟುಡಿಯೋದವನ ತಾಜಮಹಲ್ ಪರದೆ ಮುಂದೆ ನಿಂತಿದ್ದೂ ಅದೇ ಆಸೆಗೆ. ಅವಳ ಪರವಾಗಿ ಇಷ್ಟು ಮಾತು ಸಾಕು. ಉಳಿದದ್ದೆಲ್ಲ ನಿಮ್ಮ ಪರ.

ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆಯವರೆಲ್ಲ ಒಂದೇ ಸ್ಟುಡಿಯೋಕ್ಕೆ ಹೋಗುತ್ತಿದ್ದೆವು. ಫೋಟೊ ಕೊಡುವ ಲಕೋಟೆಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ನೆಗೆಟಿವ್ ನಂಬರ್ ಬರೆದಿರುತ್ತಿತ್ತು. ನನ್ನ ಅಕ್ಕನ ಮದುವೆ ಮಾತುಕತೆ ಮುರಿದಾಗ ಅಪ್ಪ ಆ ಲಕೋಟೆ ಹಿಡಿದುಕೊಂಡು ಹೋಗಿ, ವರನ ಕಡೆ ಕಳಿಸಿದ್ದ ಫೋಟೊದ ನೆಗೆಟಿವ್ ಕೇಳಿ ತಂದರು. ಬಚ್ಚಲ ಒಲೆಗೆ ಹಾಕಿದರು. ಕಣ್ಣೆದುರೇ ಸುರುಟಿ ಕರಗಿತು. ಮುಂದೆ ಆಲಮಟ್ಟಿ ಹಿನ್ನೀರು ಬಂದಾಗ ಆ ಸ್ಟುಡಿಯೋ ಇದ್ದ ಓಣಿಯೇ ಹೋಯಿತು. ನಿಮ್ಮ ಮಗಳು ತೆಗೆದುಹಾಕಿದ್ದು ಲಕೋಟೆ ಮಾತ್ರ. ನೆಗೆಟಿವ್ ಇರುವುದು ಬೇರೆ ಕಡೆ.

ಇಂಥ ಹೆಚ್ಚಿನ ಆ್ಯಪ್‌ಗಳಲ್ಲಿ ಚಿತ್ರ ಬದಲಿಸುವ ಭಾರದ ಕೆಲಸ ನಮ್ಮ ಫೋನಿನಲ್ಲಿ ನಡೆಯುವುದಿಲ್ಲ. ಫೋಟೊ ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ತಯಾರಾಗಿ ವಾಪಸ್ ಬರುತ್ತದೆ. ಫೋನಿನಿಂದ ಆ್ಯಪ್ ಅಳಿಸಿದರೆ ಆ ಸರ್ವರ್‌ಗೆ ಸುದ್ದಿಯೇ ಹೋಗದೆ ಇರಬಹುದು. ನಿಮ್ಮ ಮನೆಯಲ್ಲೇ ಪರೀಕ್ಷೆ ಮಾಡಬಹುದು. ನೆಟ್ ಪೂರ್ತಿ ಬಂದ್ ಮಾಡಿ, ಫೋನಿನಲ್ಲಿರುವ ಇಂಥ ಬೇರೆ ಆ್ಯಪ್‌ಗೆ ನಿಮ್ಮವರ ಮುಖವಿಲ್ಲದ ಫೋಟೊ ಒಂದನ್ನು ಕೊಡಿ. ಕೆಲಸ ನಿಂತರೆ ಫೋಟೊ ಹೊರಗೆ ಹೋಗುತ್ತಿರಬಹುದು ಅಂತ ತಿಳಿಯಿರಿ. ಕೆಲಸ ನಡೆದರೆ ಸ್ವಲ್ಪ ಸಮಾಧಾನ. ಆಮೇಲೆ ನೆಟ್ ಬಂದಾಗ ಏನೂ ಕಳಿಸುವುದಿಲ್ಲ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ.

2019ರ ಜುಲೈನಲ್ಲಿ ಮುಖಕ್ಕೆ ಮುಪ್ಪು ತರುವ ಫೇಸ್‌ಆ್ಯಪ್‌ನ ಹುಚ್ಚು ಹಿಡಿದಾಗ ನಾನು ಬಹಳ ಓದಿದೆ. ಹೆಚ್ಚಿನ ಫೋಟೊಗಳನ್ನು 48 ಗಂಟೆಯೊಳಗೆ ಅಳಿಸುತ್ತೇವೆ ಅಂತ ಕಂಪನಿ ಹೇಳಿತು. ಎಲ್ಲರೂ ಆ 48 ನೋಡಿದರು. ನಾನು ನೋಡಿದ್ದು "ಹೆಚ್ಚಿನ" ಅನ್ನುವ ಪದವನ್ನು. ಉಳಿದವು ಯಾರವು, ಎಷ್ಟು ದಿನ?

ಆದರೆ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಪ್ರಕರಣ. ಎವರ್ ಅನ್ನುವ ಆ್ಯಪ್. ಫೋಟೊ ಜೋಪಾನ ಮಾಡಿ ಇಡುವ ಆ್ಯಪ್ ಅದು. 2017ರಲ್ಲಿ ಅದಕ್ಕೆ ಹೊಸ ಸೌಲಭ್ಯ ಸೇರಿಸಿದರು. ಗುಂಪು ಫೋಟೊಗಳಲ್ಲಿ ಒಬ್ಬೊಬ್ಬರ ಮುಖ ಗುರುತು ಹಿಡಿದು ಬೇರೆ ಬೇರೆ ಜೋಡಿಸಿ ಕೊಡುವುದು. ಜನಕ್ಕೆ ಖುಷಿಯಾಯಿತು. ಅದೇ ಹೊತ್ತಿನಲ್ಲಿ ಕಂಪನಿ ಜನರ ಫೋಟೊಗಳಿಂದ ಲಕ್ಷಾಂತರ ಮುಖ ಕತ್ತರಿಸಿ ತೆಗೆದು, ಮುಖ ಗುರುತಿಸುವ ಯಂತ್ರವಿದ್ಯೆಗೆ ಪಾಠ ಮಾಡಿಸಿತು. ಆ ವಿದ್ಯೆಯನ್ನು ಬೇರೆ ಕಂಪನಿಗಳಿಗೆ ಮಾರಲು ಇಟ್ಟಿತು. ಫೋಟೊ ಮಾರಲಿಲ್ಲ, ಫೋಟೊದಿಂದ ಕಲಿತ ಬುದ್ಧಿ ಮಾರಿತು. ಖಾತೆ ಮುಚ್ಚಿದವರ ಫೋಟೊ ಅಳಿಸುತ್ತೇವೆ ಅಂತ ಹೇಳಿದ್ದರೂ, 2019ರ ಅಕ್ಟೋಬರ್‌ವರೆಗೆ ಅಳಿಸಿರಲೇ ಇಲ್ಲ. 2021ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹಿಡಿಯಿತು. ಫೋಟೊ ಅಷ್ಟೇ ಅಲ್ಲ, ಅವುಗಳಿಂದ ತಯಾರಾದ ಯಂತ್ರವಿದ್ಯೆಯನ್ನೂ ಅಳಿಸಿ ಅಂತ ಆದೇಶ ಮಾಡಿತು.

ಮುಖದಿಂದ ಏನು ತೆಗೆದಿಡುತ್ತಾರೆ ಅಂತ ನಿಮ್ಮ ಮಗಳಿಗೆ ಹೀಗೆ ಹೇಳಿ. ಕಣ್ಣು, ಮೂಗು, ದವಡೆಯ ರೀತಿಯನ್ನೆಲ್ಲ ಯಂತ್ರ ಒಂದು ಸಾಲು ಸಂಖ್ಯೆ ಮಾಡಿಕೊಳ್ಳುತ್ತದೆ. 2015ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ಪದ್ಧತಿಯಲ್ಲಿ ಒಂದು ಮುಖಕ್ಕೆ 128 ಸಂಖ್ಯೆ. ಅದನ್ನು 128 ಬೈಟ್‌ನಲ್ಲಿ ಇಡಬಹುದು. ನಾವು ಕಳಿಸುವ ಒಂದು ಎಸ್‌ಎಂಎಸ್‌ಗೆ 140 ಬೈಟ್ ಜಾಗ ಇರುತ್ತದೆ. ಅಂದರೆ ನಿಮ್ಮತ್ತೆಯವರ ಮುಖದ ಗುರುತು ಒಂದು ಎಸ್‌ಎಂಎಸ್‌ಗಿಂತ ಸಣ್ಣದು. ನಾಳೆ ಇನ್ನೆಲ್ಲೋ ತೆಗೆದ ಬೇರೆ ಫೋಟೊದಿಂದಲೂ ಹೆಚ್ಚುಕಡಿಮೆ ಅದೇ ಸಂಖ್ಯೆಗಳು ಬರುತ್ತವೆ, ಆಗ ಎರಡನ್ನೂ ತಾಳೆ ಹಾಕಬಹುದು. ಚಿತ್ರ ಚೆಂದ ಮಾಡುವ ಪ್ರತಿ ಆ್ಯಪೂ ಹೀಗೆ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಫೋಟೊ ಅಲ್ಲಿ ಉಳಿದಿದ್ದರೆ ಯಾವತ್ತು ಬೇಕಾದರೂ ಮಾಡಬಹುದು. ಫೋಟೊ ಅಳಿಸಿದ ಮೇಲೂ ಸಂಖ್ಯೆ ಉಳಿಯಬಹುದು. ಅದಕ್ಕೇ "ಫೋಟೊ ಅಳಿಸಿದ್ದೇವೆ" ಅನ್ನುವ ಮಾತು ನನಗೆ ಅರ್ಧ ಉತ್ತರ.

ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಮುಖವನ್ನು ಹೇಗೆ ಬದಲಿಸುವುದು? ಇವತ್ತು ನಮ್ಮ ರೈತರು ಪಿಎಂ ಕಿಸಾನ್ ಆ್ಯಪಿಗೆ ಮುಖ ತೋರಿಸುತ್ತಾರೆ. ಪಿಂಚಣಿದಾರರು ಮುಖ ತೋರಿಸಿ ಬದುಕಿದ್ದೇವೆ ಅಂತ ಹೇಳಬಹುದು. ಮುಖವೇ ಸಹಿ ಆಗುತ್ತಿರುವ ಕಾಲ ಇದು. ಒಂದು ಸೀರೆ ಚಿತ್ರಕ್ಕೆ ಹನ್ನೆರಡು ಸಹಿ ಹಾಕಿ ಕೊಟ್ಟಂತಾಯಿತು, ಅಲ್ವಾ? ಅದರಲ್ಲಿ ಎರಡು ನಿಮ್ಮತ್ತೆಯವರದು. ಅವರನ್ನು ಯಾರಾದರೂ ಕೇಳಿದರಾ? ಬಡಿಗಿ ಮನೆಗೆ ಬಂದರೆ ಅತ್ತೆಯ ಮಂಚ ರಿಪೇರಿಗೆ ಕೊಡುವ ಮೊದಲೂ ಅವರನ್ನು ಕೇಳುತ್ತೀರಿ.

ಕೇಳದೆ ತೆಗೆದುಕೊಳ್ಳುವುದು ಈಗ ಎಲ್ಲ ಕಡೆ ರೂಢಿ ಆಗಿದೆ. ನನ್ನ ಮೊಮ್ಮಗನ ಶಾಲೆಯವರು ಮಕ್ಕಳ ಮುಖಗಳನ್ನು ಇಂಥದ್ದೇ ಆ್ಯಪಿಗೆ ಹಾಕಿ, ಬೊಂಬೆ ಚಿತ್ರ ಮಾಡಿಸಿ, ವಾಟ್ಸ್ಆ್ಯಪ್ ಗುಂಪಿಗೆ ಬಿಟ್ಟರು. ಒಪ್ಪಿಗೆ ಪತ್ರ ಎಲ್ಲಿ ಅಂತ ಕೇಳಿದೆ. "ಸರ್, ಎಲ್ಲರಿಗೂ ಇಷ್ಟ ಆಗಿದೆ" ಅಂದರು. ಎವರ್ ಪ್ರಕರಣದಲ್ಲೂ ಇದೇ ನೋಡಿ. 2018ರಲ್ಲಿ ಅಮೆರಿಕದ ಇಲಿನಾಯ್, ಟೆಕ್ಸಾಸ್, ವಾಷಿಂಗ್ಟನ್ ರಾಜ್ಯ ಮತ್ತು ಯುರೋಪಿನ ಜನರನ್ನು ಮಾತ್ರ ಮುಖ ಗುರುತಿಸಬಹುದೇ ಅಂತ ಮೊದಲೇ ಕೇಳಿದರು. ಉಳಿದವರಿಗೆ 2019ರ ಏಪ್ರಿಲ್‌ವರೆಗೆ ಅದನ್ನು ಆಫ್ ಮಾಡುವ ಗುಂಡಿಯೂ ಇರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಅರ್ಜಿಯಲ್ಲಿ. ಕನ್ನಡಿಗರೊಬ್ಬರು ಗೆದ್ದುಕೊಟ್ಟ ಹಕ್ಕು ಅದು. ದತ್ತಾಂಶ ರಕ್ಷಣೆಯ ಕಾಯ್ದೆ ಆಗಲು ಅಲ್ಲಿಂದ 2023 ಬರಬೇಕಾಯಿತು. ನಿಯಮ ಬರಲು 2025ರ ನವೆಂಬರ್. ಅದರ ಮುಖ್ಯ ಭಾಗ ಜಾರಿಗೆ ಮತ್ತೆ 18 ತಿಂಗಳು ಗಡುವು. ಮುಖಗಳು ಮಾತ್ರ ಯಾರಿಗೂ ಕಾಯದೆ ಹೋಗುತ್ತಲೇ ಇವೆ. ಇದು ನನಗೆ ಬಹಳ ನೋವಿನ ವಿಷಯ ಅಕ್ಕಾ.

ಈಗ ಮಗಳನ್ನು ಕೂಡಿಸಿಕೊಂಡು ಒಂದು ಕೆಲಸ ಮಾಡಿ. ಆ್ಯಪನ್ನು ಮತ್ತೆ ಹಾಕಿಸಿ, ಹೊಸ ಫೋಟೊ ಕೊಡಬೇಡಿ. ಗ್ಯಾಲರಿಗೆ ಅನುಮತಿ ಕೇಳಿದರೆ ಬೇಡ ಅನ್ನಿ. ಹಳೇ ಖಾತೆಗೆ ಹೋಗಿ, ಸೆಟ್ಟಿಂಗ್ಸ್‌ನಲ್ಲಿ Delete account ಹುಡುಕಿ ಒತ್ತಿ. ಖಾತೆ ತೆರೆಸುವ ಆ್ಯಪ್‌ಗಳು ಅಳಿಸುವ ದಾರಿಯನ್ನೂ ಕೊಡಬೇಕು ಅಂತ ಗೂಗಲ್ ಪ್ಲೇ ನಿಯಮವೇ ಇದೆ. ಆಮೇಲೆ ಕಂಪನಿಗೆ ಒಂದು ಇಮೇಲ್ ಬರೆಸಿ. ಮೂರೇ ಪ್ರಶ್ನೆ ಸಾಕು: ಫೋಟೊ ಅಳಿಸಿದ್ದೀರಾ, ಮುಖದಿಂದ ತೆಗೆದ ಅಳತೆಗಳನ್ನು ಅಳಿಸಿದ್ದೀರಾ, ಯಂತ್ರಕ್ಕೆ ಕಲಿಸಲು ಇವನ್ನು ಬಳಸಿದ್ದೀರಾ. ಬಳಸಿಯಾಗಿದ್ದರೆ ಕಲಿತದ್ದನ್ನು ಒಬ್ಬರ ಮಟ್ಟಿಗೆ ಮರೆಸುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಪತ್ರದ ಜೊತೆ ನೀವು ಕಳಿಸಿದ ಆ ಚಿತ್ರ ನೋಡಿದೆ. ಸೆರಗಿನಲ್ಲಿ ತೋಪ ತೆನೆಯೇ ಇಲ್ಲ, ಅದು ಇಳಕಲ್ ಸೀರೆಯೇ ಅಲ್ಲ. ನಿಮ್ಮತ್ತೆಯವರ ಪೆಟ್ಟಿಗೆಯಲ್ಲಿ ಖರೇ ಸೀರೆ ಇದ್ದೇ ಇರುತ್ತದೆ. ಮಗಳಿಗೆ ಅದನ್ನು ಉಡಿಸಿ, ಅಂಗಳದಲ್ಲಿ ನಿಲ್ಲಿಸಿ ನೀವೇ ಒಂದು ಫೋಟೊ ತೆಗೆಯಿರಿ. ಕಂಪನಿಯವರಿಂದ ಏನು ಉತ್ತರ ಬಂತು, ಅಥವಾ ಬರಲೇ ಇಲ್ಲವಾ, ನಮಗೆ ಬರೆದು ತಿಳಿಸಿ.

— ಸಂಪಾದಕ