ಕೊನೆ ಸುತ್ತಿಗೆ ಬಂದವರಿಗೆ ‘ಇಲ್ಲ’ ಅಂತ ಬರೆಯುವ ಮೇಲ್

ಪ್ರಶ್ನೆ: ನಮ್ಮದು ಸಣ್ಣ ಕಂಪನಿ, ಮಕ್ಕಳಿಗೆ ಪಾಠದ ಆ್ಯಪ್ ಮಾಡ್ತೀವಿ. ಕನ್ನಡ ಎಡಿಟರ್ ಹುದ್ದೆಗೆ ಕೊನೆ ಸುತ್ತಲ್ಲಿ ಇಬ್ಬರು ಉಳಿದಿದ್ರು, ಒಬ್ಬರನ್ನ ತಗೊಂಡ್ವಿ. ಇನ್ನೊಬ್ಬರೂ ತುಂಬಾ ಚೆನ್ನಾಗಿದ್ರು, ಮುಂದೆ ಅವರೇ ಬೇಕಾಗಬಹುದು. ಅವರಿಗೆ ಬೇಜಾರಾಗದ ಹಾಗೆ ಮೇಲ್ ಹೇಗೆ ಬರೆಯೋದು?

ಬೇಜಾರು ಆಗೇ ಆಗುತ್ತದೆ. ಮೂರು ಸುತ್ತು ಬಂದಿದ್ದಾರೆ, ಅದಕ್ಕಾಗಿ ರಜೆ ಹಾಕಿದ್ದಾರೆ, ಟೆಸ್ಟ್ ಅಂತ ಒಂದು ಭಾನುವಾರ ಪೂರ್ತಿ ಕೂತು ಬರೆದುಕೊಟ್ಟಿದ್ದಾರೆ. ಆ ಆಸೆ ಬಿಟ್ಟುಬಿಡಿ. ಅವರಿಗೆ ವಿಷಯ ಒಂದೇ ಸಲಕ್ಕೆ ಅರ್ಥವಾಗಬೇಕು, ಅಷ್ಟು ನೋಡಿಕೊಳ್ಳಿ.

ನಾನೂ ಪಠ್ಯದ ಕೆಲಸಕ್ಕೇ ಜನರನ್ನು ತೆಗೆದುಕೊಳ್ಳುವವನು. ಹಿಂದೆ ಇದ್ದ ಒಂದು ಕಂಪನಿಯಲ್ಲಿ ನನ್ನ ಮೊದಲ ಮೇಲ್ ಹೀಗೆ ಶುರುವಾಗಿತ್ತು: ‘ನಿಮ್ಮ ಭಾಷೆ, ನಿಮ್ಮ ಶಿಸ್ತು ನಮ್ಮ ಇಡೀ ತಂಡಕ್ಕೆ ತುಂಬಾ ಹಿಡಿಸಿತು.’ ‘ಆದರೆ’ ಬಂದಿದ್ದು ನಾಲ್ಕನೇ ಸಾಲಿನಲ್ಲಿ. ಹತ್ತು ನಿಮಿಷಕ್ಕೆ ಫೋನ್ ಬಂತು, ‘ಸರ್, ಥ್ಯಾಂಕ್ಸ್ ಸರ್, ಯಾವಾಗ ಸೇರಬೇಕು?’ ಅವರು ಬಸ್ಸಿನಲ್ಲಿದ್ದರು. ಮೇಲ್ ತೆರೆದೇ ಇರಲಿಲ್ಲ. ಫೋನಿನ ಪರದೆ ಮೇಲೆ ಕಾಣುವ ಒಂದೂವರೆ ಸಾಲು ಓದಿ, ಮನೆಗೂ ಹೇಳಿಬಿಟ್ಟಿದ್ದರು. ಆ ಫೋನಿನಲ್ಲಿ ನಾನು ತೊದಲಿದ್ದು ಈಗಲೂ ನೆನಪಿದೆ.

ಆದ್ದರಿಂದ ನಿರ್ಧಾರ ಮೊದಲ ಸಾಲಿನಲ್ಲೇ ಇರಲಿ, ಹೊಗಳಿಕೆ ಆಮೇಲೆ. ಅದೂ ಸ್ವಲ್ಪವೇ. ಜಾಸ್ತಿ ಹೊಗಳಿದಷ್ಟೂ ಓದುವವರಿಗೆ ‘ಮತ್ತೆ ಯಾಕೆ ಬೇಡ ಅಂದ್ರಿ?’ ಅನ್ನಿಸುತ್ತದೆ, ಅಲ್ವಾ?

ಇಲ್ಲ ಅನ್ನುವುದು ನಮಗೆ ಕಷ್ಟ. ಹೆಣ್ಣು ನೋಡೋಕೆ ಹೋದಾಗಲೂ ‘ಊರಿಗೆ ಹೋಗಿ ಹೇಳಿ ಕಳಿಸ್ತೀವಿ’ ಅಂದು ಎದ್ದು ಬರುವ ಜನ ನಾವು. ಅದೇ ಅಭ್ಯಾಸ ಮೇಲ್‌ಗೂ ಬರುತ್ತದೆ. ಇಲ್ಲದಿದ್ದರೆ ಪೂರ್ತಿ ಆ ಕಡೆ ಹೋಗಿ, ‘ಈ ಮೂಲಕ ವಿಷಾದದೊಂದಿಗೆ ತಿಳಿಸುವುದೇನೆಂದರೆ’ ಅಂತ ತಾಲ್ಲೂಕು ಆಫೀಸಿನ ನೋಟಿಸ್ ಥರ ಬರೆಯುತ್ತೇವೆ. ‘ತಾವು ಆಯ್ಕೆಯಾಗಿರುವುದಿಲ್ಲ’ ಅನ್ನುವುದರಲ್ಲಿ ಮಾಡಿದವರು ಯಾರೂ ಇಲ್ಲ, ಏನೋ ತಾನಾಗೇ ಆದ ಹಾಗಿದೆ. ‘ನಾವು ಬೇರೊಬ್ಬರನ್ನು ಆರಿಸಿದ್ದೇವೆ’ ಅನ್ನಿ. ಆರಿಸಿದ್ದು ನೀವು ತಾನೇ? ಇನ್ನು ‘ಈ ಸಲ’ ಅನ್ನುವ ಮಾತನ್ನು ನೋಡಿಕೊಂಡು ಬಳಸಿ. ಈ ಸಲ ಇಲ್ಲ ಅಂದರೆ ಇನ್ನೊಂದು ಸಲ ಇದೆ ಅಂತಲೇ ಅರ್ಥ.

ಕಾರಣ ಹೇಳಬೇಕಾ? ಮೊದಲ ಸುತ್ತಲ್ಲೇ ಹೋದವರಿಗೆ ನಾನು ಹೇಳುವುದಿಲ್ಲ, ಕೊನೆ ಸುತ್ತಿಗೆ ಬಂದವರಿಗೆ ಹೇಳುತ್ತೇನೆ. ಒಂದೇ ಒಂದು ಕಾರಣ, ಕೆಲಸಕ್ಕೆ ಸಂಬಂಧಿಸಿದ್ದು. ಬರೆಯುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ: ಇದೊಂದು ಕೊರತೆ ಇಲ್ಲದೇ ಹೋಗಿದ್ದರೆ ಇವರನ್ನೇ ತಗೋತಿದ್ದೆವಾ? ಹೌದು ಅಂದರೆ ಅದೇ ನಿಜವಾದ ಕಾರಣ. ಅಲ್ಲ ಅಂದರೆ ನಾನು ಸುಮ್ನೆ ನೆಪ ಹುಡುಕುತ್ತಿದ್ದೇನೆ ಅಂತ. ‘ಇನ್ನೂ ಅನುಭವ ಬೇಕಿತ್ತು’ ಅನ್ನುವುದು ಸಾಮಾನ್ಯವಾಗಿ ನೆಪವೇ, ಅನುಭವ ಎಷ್ಟು ಅಂತ ರೆಸ್ಯೂಮೆಯಲ್ಲೇ ಇತ್ತು, ಕಮ್ಮಿ ಅನ್ನಿಸಿದ್ದರೆ ಮೂರು ಸುತ್ತು ಯಾಕೆ ಕರೆಸಿದಿರಿ? ಇನ್ನು ಆಯ್ಕೆಯಾದವರು ಯಾರು, ಎಲ್ಲಿಂದ ಬಂದರು, ಸಂಬಳ ಎಷ್ಟು, ಇದ್ಯಾವುದೂ ಮೇಲ್‌ನಲ್ಲಿ ಬೇಡ.

ಕಳೆದ ಸಲ ನಾನು ಕಳಿಸಿದ್ದು ಹೀಗಿತ್ತು, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಸಬ್ಜೆಕ್ಟ್ ಸಾಲು ‘ಎಡಿಟರ್ ಹುದ್ದೆ: ನಮ್ಮ ನಿರ್ಧಾರ’.

‘ನಮಸ್ಕಾರ ಮೇಡಂ,

ಎಡಿಟರ್ ಹುದ್ದೆಗೆ ನಾವು ಬೇರೊಬ್ಬರನ್ನು ಆರಿಸಿದ್ದೇವೆ. ಅವರು ಆಫರ್ ಒಪ್ಪಿಕೊಂಡಿದ್ದಾರೆ, ಹಾಗಾಗಿ ಇದು ಅಂತಿಮ.

ಕೊನೆಯಲ್ಲಿ ಉಳಿದ ಇಬ್ಬರಲ್ಲಿ ನೀವೊಬ್ಬರು. ನೀರಿನ ಚಕ್ರದ ಪಾಠವನ್ನು ನೀವು ಬಾವಿ, ಕೆರೆ ಇಟ್ಟುಕೊಂಡು ತಿದ್ದಿದ ರೀತಿ ನನಗೆ ಇಷ್ಟವಾಯಿತು. ಆದರೆ ಈ ಹುದ್ದೆಯಲ್ಲಿ ಅರ್ಧ ಕೆಲಸ ಗಣಿತದ್ದು. ಭಿನ್ನರಾಶಿ ಪಾಠದಲ್ಲಿ ಭಾಷೆ ಸರಿಹೋಯಿತು, ಲೆಕ್ಕದ ಎರಡು ತಪ್ಪು ಹಾಗೇ ಉಳಿದವು. ನಮ್ಮ ನಿರ್ಧಾರ ಅದರ ಮೇಲೆ ಆಯಿತು.

ನಿಮ್ಮ ಟೆಸ್ಟ್ ಬರಹವನ್ನು ನಾವು ಎಲ್ಲೂ ಬಳಸುವುದಿಲ್ಲ. ಬೇರೆ ಕಡೆ ಮಾದರಿಯಾಗಿ ತೋರಿಸಲು ನಿಮಗೆ ಅಡ್ಡಿಯಿಲ್ಲ.

ಜೂನ್‌ನಲ್ಲಿ ವಿಜ್ಞಾನ ಪಾಠಗಳಿಗೆ ಇನ್ನೊಬ್ಬರು ಬೇಕಾಗಬಹುದು. ಬಜೆಟ್ ಇನ್ನೂ ಒಪ್ಪಿಗೆಯಾಗಿಲ್ಲ, ಅದಕ್ಕಾಗಿ ನೀವು ಕಾಯಬೇಡಿ. ಆದರೆ ಒಪ್ಪಿಗೆ ಸಿಕ್ಕರೂ ಸಿಗದಿದ್ದರೂ ಮೇ ಕೊನೆಯೊಳಗೆ ನಾನೇ ತಿಳಿಸುತ್ತೇನೆ. ಮಾತಾಡಬೇಕು ಅನ್ನಿಸಿದರೆ ಈ ವಾರ ಯಾವಾಗ ಬೇಕಾದರೂ ಫೋನ್ ಮಾಡಿ.’

ಕೆಳಗೆ ನನ್ನ ಹೆಸರು, ನನ್ನದೇ ನಂಬರ್. ಸಂದರ್ಶನ ಮಾಡಿದವರ ಐಡಿಯಿಂದಲೇ ಮೇಲ್ ಹೋಗಲಿ. ಉತ್ತರ ಬರೆದರೆ ವಾಪಸ್ ಬೀಳುವ ಐಡಿಯಿಂದ ಕಳಿಸಿ ‘ಸಂಪರ್ಕದಲ್ಲಿರೋಣ’ ಅಂದರೆ ಯಾರು ನಂಬುತ್ತಾರೆ?

‘ನಿಮ್ಮ ರೆಸ್ಯೂಮೆ ನಮ್ಮಲ್ಲಿ ಇರುತ್ತದೆ’ ಅನ್ನುವ ಸಾಲು ನಾನು ಹಾಕಿಲ್ಲ, ಗಮನಿಸಿ. ಕೆಲಸ ಹುಡುಕಿದವರಿಗೆಲ್ಲ ಅದರ ಅರ್ಥ ಗೊತ್ತು. ಮುಂದೆ ಕರೆಯುವ ಮನಸ್ಸಿದ್ದರೆ ಯಾವ ಕೆಲಸ, ಯಾವಾಗ, ಎಷ್ಟರ ಮಟ್ಟಿಗೆ ಖಚಿತ ಅಂತ ಬರೆಯಿರಿ, ಮೇಲ್ ಕಳಿಸಿದ ಕೂಡಲೇ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ರಿಮೈಂಡರ್ ಹಾಕಿಕೊಳ್ಳಿ. ಅಂಥದ್ದೇನೂ ಇಲ್ಲ ಅಂದರೆ ಆ ಪ್ಯಾರಾ ತೆಗೆದುಹಾಕಿ. ಸುಳ್ಳು ಭರವಸೆ ಇರುವ ಮೇಲ್‌ಗಿಂತ ಅದಿಲ್ಲದ ಮೇಲ್ ವಾಸಿ.

ಈಗ ಎಲ್ಲರೂ ಎಡವುವ ಜಾಗ, ಯಾವಾಗ ಕಳಿಸಬೇಕು ಅನ್ನುವುದು. ನಮ್ಮಲ್ಲಿ ನೋಟಿಸ್ ಪೀರಿಯಡ್ ಎರಡು ತಿಂಗಳು, ಮೂರು ತಿಂಗಳು ಇರುತ್ತದೆ. ಆಯ್ಕೆಯಾದವರು ಅಷ್ಟರಲ್ಲಿ ಕೈಕೊಡಬಹುದು ಅಂತ ಎರಡನೆಯವರಿಗೆ ಏನೂ ಹೇಳದೆ, ‘ಪ್ರೋಸೆಸ್ ನಡೀತಿದೆ’ ಅಂತ ತಳ್ಳುತ್ತಾ ಹೋಗುವವರೇ ಜಾಸ್ತಿ. ಹಾಗೆ ಮಾಡಬೇಡಿ. ಆಯ್ಕೆಯಾದವರು ಆಫರ್‌ಗೆ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟ ದಿನ, ತಪ್ಪಿದರೆ ಮಾರನೆ ದಿನ ಕಳಿಸಿ. ಅದಕ್ಕೂ ಮೊದಲು ಒಂದು ವಾರ ತಡವಾಗುತ್ತದೆ ಅಂದರೆ, ‘ಇನ್ನೂ ನಿರ್ಧಾರವಾಗಿಲ್ಲ, ಶುಕ್ರವಾರ ಹೇಳುತ್ತೇನೆ’ ಅಂತ ಎರಡು ಸಾಲು ಸಾಕು. ಶುಕ್ರವಾರ ಹೇಳಿ.

ಶುಕ್ರವಾರ ಅಂದೆ ಅಂತ ಸಂಜೆ ಆರಕ್ಕೆ ಕಳಿಸಿ ಮನೆಗೆ ಹೋಗಬೇಡಿ, ಬೆಳಗ್ಗೆಯೇ ಕಳಿಸಿ. ಸಾಧ್ಯವಾದರೆ ಮೊದಲು ಫೋನ್ ಮಾಡಿ, ಎರಡೇ ನಿಮಿಷ ಸಾಕು, ಮೇಲ್ ಹಿಂದೆಯೇ ಹೋಗಲಿ. ಅವರು ಆಫೀಸಿನಲ್ಲಿ ಬಾಸ್ ಪಕ್ಕ ಕೂತಿರಬಹುದು, ಆದ್ದರಿಂದ ‘ಮಾತಾಡಬಹುದಾ?’ ಅಂತ ಕೇಳಿ ಶುರು ಮಾಡಿ.

ಆ ಮೇಡಂ ಕಥೆ ಹೇಳಿಬಿಡುತ್ತೇನೆ. ಐದು ವಾರಕ್ಕೆ ನಾವು ಆರಿಸಿದವರಿಗೆ ಅವರ ಹಳೇ ಕಂಪನಿ ಸಂಬಳ ಜಾಸ್ತಿ ಮಾಡಿತು, ಅವರು ಅಲ್ಲೇ ಉಳಿದರು. ‘ಇದು ಅಂತಿಮ’ ಅಂತ ಬರೆದ ಬಾಯಲ್ಲೇ ಈಗ ಏನು ಹೇಳೋದು? ಇದ್ದದ್ದನ್ನೇ ಹೇಳಿದೆ: ‘ಆರಿಸಿದವರು ಬರ್ತಿಲ್ಲ. ಲೆಕ್ಕದ ಭಾಗ ನೋಡೋಕೆ ಒಬ್ಬ ಗಣಿತದ ಮೇಷ್ಟ್ರನ್ನ ಪಾರ್ಟ್ ಟೈಮ್ ಹಾಕಿಕೊಳ್ತೀವಿ, ನಿಮಗೆ ಆಸಕ್ತಿ ಇದೆಯಾ?’ ಅವರು ಎರಡು ವಾರದ ಹಿಂದೆ ಬೇರೆ ಕಡೆ ಸೇರಿಬಿಟ್ಟಿದ್ದರು. ‘ಸರ್, ನೀವು ಕಾಯಬೇಡಿ ಅಂದ್ರಲ್ಲ, ಕಾಯಲಿಲ್ಲ’ ಅಂತ ನಕ್ಕರು. ಆಮೇಲೆ ಅವರೇ ಒಬ್ಬ ಹಳೇ ಸಹೋದ್ಯೋಗಿಯ ನಂಬರ್ ಕಳಿಸಿದರು, ಡಿ.ಎಡ್. ಮಾಡಿ ಗಣಿತ ಪಾಠ ಮಾಡುತ್ತಿದ್ದ ಹುಡುಗ. ಈಗ ನನ್ನ ಪಕ್ಕದ ಟೇಬಲ್ ಅವನದೇ.

ಅಂದ ಹಾಗೆ, ಮೇಲ್ ಹೋದ ಮೇಲೆ ಅವರು ಸಿಟ್ಟಿನಿಂದ ನಾಲ್ಕು ಸಾಲು ಬರೆದರೆ ವಾದಕ್ಕೆ ಇಳಿಯಬೇಡಿ. ‘ನಿಮ್ಮ ಮಾತು ಓದಿದೆ, ನಿರ್ಧಾರ ಅದೇ ಇರುತ್ತದೆ’ ಅಂತ ಒಂದು ಸಲ ಉತ್ತರ ಕೊಡಿ. ನಾನು ಹೇಳಿದ ಆ ಎರಡು ಲೆಕ್ಕದ ತಪ್ಪು ಯಾವುವು ಅಂತ ಮೇಡಂ ಕೇಳಿದ್ದರು, ಪುಟದ ಫೋಟೊ ತೆಗೆದು ಗುರುತು ಹಾಕಿ ಕಳಿಸಿದೆ. ಅದರಲ್ಲಿ ಒಂದು ನಮ್ಮದೇ ಉತ್ತರದ ಪಟ್ಟಿಯ ತಪ್ಪು ಅಂತ ಅವರು ತೋರಿಸಿಕೊಟ್ಟರು. ಒಪ್ಪಿಕೊಂಡು ಕ್ಷಮೆ ಕೇಳಿದೆ, ಮಾರನೇ ದಿನವೇ ಪಟ್ಟಿ ತಿದ್ದಿಸಿದೆ.