ಮನೆಯಲ್ಲಿ ಮಾಡಿದ ಸೋಪಿನಲ್ಲಿ ಕಾಸ್ಟಿಕ್ ಉಳಿದಿದೆಯಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೇಲಿ 300 ಗ್ರಾಂ ಶೇಂಗಾ ಎಣ್ಣೆ, 200 ಗ್ರಾಂ ಕೊಬ್ಬರಿ ಎಣ್ಣೆಗೆ 75 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ ಸೋಪು ಮಾಡಿದೆ. ಒದ್ದೆ ಸೋಪಿನ ಮೇಲೆ ಕ್ಷಾರ ಪತ್ತೆ ಮಾಡೋ ಫಿನಾಲ್ಫ್ತಲೀನ್ ಹನಿ ಹಾಕಿದರೆ ಗುಲಾಬಿ ಆಗುತ್ತಿದೆ. ಕಾಸ್ಟಿಕ್ ಜಾಸ್ತಿ ಆಯ್ತಾ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಒಂದು ಗ್ರಾಂ ಶೇಂಗಾ ಎಣ್ಣೆಗೆ ಸುಮಾರು 0.136 ಗ್ರಾಂ ಕಾಸ್ಟಿಕ್ ಬೇಕು, ಕೊಬ್ಬರಿ ಎಣ್ಣೆಗೆ 0.183. ಅಂದರೆ 40.8 ಮತ್ತು 36.6, ಒಟ್ಟು 77.4 ಗ್ರಾಂ. ನೀವು ಹಾಕಿದ್ದು ಅದಕ್ಕಿಂತ ಕಮ್ಮಿ. ತೂಕದ ಯಂತ್ರ ಸರಿಯಿದ್ದರೆ ಎಣ್ಣೆಯೇ ಸ್ವಲ್ಪ ಉಳಿಯುತ್ತದೆ.

ತೊಂದರೆ ಇರೋದು ಪರೀಕ್ಷೆಯಲ್ಲಿ. ನೀರು ತಗುಲಿದರೆ ಒಳ್ಳೆ ಸೋಪು ಕೂಡ ಕ್ಷಾರ ಗುಣ ತೋರಿಸುತ್ತದೆ. ಹಾಗಾಗಿ ಒದ್ದೆ ಸೋಪು ಗುಲಾಬಿ ಆದರೆ ಗಾಬರಿ ಬೇಡ.

ನೀರಿಲ್ಲದ ಆಲ್ಕೋಹಾಲ್‌ನಲ್ಲಿ ಹೀಗಾಗುವುದಿಲ್ಲ. 99% ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. 70% ಸ್ಪಿರಿಟ್‌ನಲ್ಲಿ ನೀರಿರುತ್ತದೆ, ಅದು ಆಗಲ್ಲ. ಒಂದು ವಾರ ಒಣಗಿದ ಸೋಪನ್ನು ತುರಿದು, ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಗಾಜಿನ ಲೋಟದಲ್ಲಿ ಆಲ್ಕೋಹಾಲ್ ಜೊತೆ ಕರಗಿಸಿ. ಗ್ಯಾಸ್ ಆರಿಸಿರಬೇಕು, ಆವಿಗೆ ಬೆಂಕಿ ಹತ್ತುತ್ತದೆ. ಈಗ ಎರಡು ಹನಿ ಫಿನಾಲ್ಫ್ತಲೀನ್ ಹಾಕಿ. ಬಣ್ಣ ಬರದಿದ್ದರೆ ಕಾಸ್ಟಿಕ್ ಉಳಿದಿಲ್ಲ. ಗಾಢ ಗುಲಾಬಿ ಬಂದರೆ ಉಳಿದಿದೆ.

ಒಂದೇ ತುಂಡು ನೋಡಿ ಬಿಡಬೇಡಿ. ಸರಿಯಾಗಿ ಕಲಸದಿದ್ದರೆ ಒಂದು ಮೂಲೆಯಲ್ಲಿ ಕಾಸ್ಟಿಕ್, ಇನ್ನೊಂದು ಕಡೆ ಎಣ್ಣೆ ನಿಂತಿರುತ್ತದೆ. ಅಂಚಿನಿಂದಲೂ ನಡುವಿನಿಂದಲೂ ತುರಿಯಿರಿ. ಬಿಳಿ ಹರಳು ಕಂಡ ಸೋಪನ್ನಂತೂ ಪರೀಕ್ಷೆ ಮಾಡದೆ ಮೈಗೆ ಹಚ್ಚಬೇಡಿ.