ಎಣ್ಣೆ ಹೆಪ್ಪುಗಟ್ಟುತ್ತದೆ, ಕೋಶದ ಪೊರೆ ಯಾಕಿಲ್ಲ?

*ಸಂಪಾದಕರೇ, ಮುಂಬೈಯಲ್ಲಿದ್ದಾಗ ನಮ್ಮ ಕೊಬ್ಬರಿ ಎಣ್ಣೆ ಗಟ್ಟಿಯಾಗಿದ್ದು ನೆನಪಿಲ್ಲ. ಪುಣೆಗೆ ಬಂದ ಮೇಲೆ ಡಿಸೆಂಬರ್ ಬೆಳಿಗ್ಗೆ ಬಾಟಲಿಯನ್ನು ಬಿಸಿನೀರಲ್ಲಿ ಇಡಬೇಕು. ಜೀವಕೋಶದ ಪೊರೆಯೂ ಕೊಬ್ಬಿನದೇ ಎಂದು ಮಗಳ ಪಠ್ಯದಲ್ಲಿ ಓದಿದೆ. ಚಳಿಗೆ ಅದೂ ಗಟ್ಟಿಯಾಗಬೇಕಲ್ಲ?*
*– ಓದುಗರೊಬ್ಬರು, ಕೋಥ್ರೂಡ್, ಪುಣೆ*

ಬಾಟಲಿಯ ಪಕ್ಕದಲ್ಲೇ ಇರುವ ಸೂರ್ಯಕಾಂತಿ ಎಣ್ಣೆಯನ್ನು ನೋಡಿ. ಅದೇ ಚಳಿಯಲ್ಲೂ ಅದು ಸಲೀಸಾಗಿ ಸುರಿಯುತ್ತದೆ, ಅಲ್ವಾ? ಕೊಬ್ಬಿನಾಮ್ಲ ಅಂದರೆ ಇಂಗಾಲದ ಉದ್ದನೆಯ ಸರಪಳಿ. ಕೊಬ್ಬರಿ ಎಣ್ಣೆಯಲ್ಲಿ ಬಹುಪಾಲು ಸ್ಯಾಚುರೇಟೆಡ್, ಅಂದರೆ ನೆಟ್ಟಗಿನ ಸರಪಳಿಗಳು. ಪೊರಕೆ ಕಡ್ಡಿಗಳ ಹಾಗೆ ಒತ್ತೊತ್ತಾಗಿ ಕೂತು, 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುತ್ತವೆ. ಸೂರ್ಯಕಾಂತಿಯ ಸರಪಳಿಗಳಲ್ಲಿ ದ್ವಿಬಂಧಗಳಿವೆ, ಅಂದರೆ ಅಲ್ಲಲ್ಲಿ ಎರಡು ಇಂಗಾಲಗಳ ನಡುವೆ ಜೋಡಿ ಕೊಂಡಿ. ದ್ವಿಬಂಧ ಇರುವಲ್ಲಿ ಸರಪಳಿ ಮೊಣಕೈಯಂತೆ ಬಾಗುತ್ತದೆ. ಬಾಗಿದ ಕಡ್ಡಿಗಳನ್ನು ಒತ್ತಿ ಕಟ್ಟಲಾಗದು. 18 ಇಂಗಾಲದ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಬೇಕು. ಅಷ್ಟೇ ಉದ್ದದ ಓಲಿಯಿಕ್ ಆಮ್ಲದಲ್ಲಿ ಒಂದೇ ಒಂದು ಬಾಗು, ಅದು 13ರ ಹತ್ತಿರವೇ ಕರಗುತ್ತದೆ.

ಪೊರೆಯಲ್ಲಿ ಇಂಥ ಸರಪಳಿಗಳೇ ಬಾಲಗಳಂತೆ ಎರಡು ಪದರವಾಗಿ ಎದುರುಬದುರು ನಿಂತಿರುತ್ತವೆ. ಅವುಗಳ ನಡುವೆ ಪ್ರೋಟೀನುಗಳು ತೇಲಿಕೊಂಡು ಕೆಲಸ ಮಾಡಬೇಕು. ಪೊರೆ ಗಟ್ಟಿಯಾದರೆ ಕೆಲಸ ನಿಲ್ಲುತ್ತದೆ, ತೀರಾ ಸಡಿಲವಾದರೆ ಒಳಗಿನದು ಸೋರುತ್ತದೆ.

ಇದನ್ನು ನಿಭಾಯಿಸುವ ಜೀವಿಗಳಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಮಣ್ಣಿನ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ. ಅದರ ಪೊರೆಯಲ್ಲೇ ಡೆಸ್‌ಕೆ ಎಂಬ ಪ್ರೋಟೀನು ಕೂತಿದೆ. ಥರ್ಮಾಮೀಟರ್ ಅಂದರೂ ಸರಿ. ಪ್ರಯೋಗಾಲಯದಲ್ಲಿ 37 ಡಿಗ್ರಿಯಿಂದ 25ಕ್ಕೆ ಇಳಿಸಿದರೆ ಬಾಲಗಳು ನೆಟ್ಟಗಾಗಿ ಪೊರೆ ದಪ್ಪಗಾಗುತ್ತದೆ. ಡೆಸ್‌ಕೆಗೆ ಅದು ಗೊತ್ತಾಗುತ್ತದೆ. ತಕ್ಷಣ ಅದು ಡೆಸ್‌ಆರ್ ಎಂಬ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ದಾಟಿಸುತ್ತದೆ. ಡೆಸ್‌ಆರ್ ಒಂದು ಜೀನನ್ನು ಚಾಲೂ ಮಾಡುತ್ತದೆ. ಆ ಜೀನಿನಿಂದ ಬರುವ ಡಿಸ್ಯಾಚುರೇಸ್ ಎಂಬ ಕಿಣ್ವ ಪೊರೆಯಲ್ಲಿ ಈಗಾಗಲೇ ಇರುವ ಬಾಲಗಳಿಗೇ ದ್ವಿಬಂಧ ಹಾಕಿ ಬಾಗಿಸುತ್ತದೆ. ಹಳೆಯದನ್ನು ಬಿಸಾಡಿ ಹೊಸದು ಕಟ್ಟುವ ಗೋಜಿಲ್ಲ. ಪೊರೆ ಮತ್ತೆ ಸಡಿಲವಾದಾಗ ಡೆಸ್‌ಕೆ ತಾನೇ ಆ ಫಾಸ್ಫೇಟನ್ನು ಕಿತ್ತುಹಾಕುತ್ತದೆ, ಕಿಣ್ವದ ತಯಾರಿ ನಿಲ್ಲುತ್ತದೆ. ಈ ಕಿಣ್ವಕ್ಕೆ ಆಮ್ಲಜನಕ ಬೇಕು, ಗಾಳಿ ಇಲ್ಲದ ಕಡೆ ಈ ದಾರಿ ನಡೆಯದು.

ನಮ್ಮ ಕೋಶಗಳಲ್ಲಿ ಇನ್ನೊಂದು ಏರ್ಪಾಡಿದೆ, ಕೊಲೆಸ್ಟ್ರಾಲ್. ರಿಪೋರ್ಟ್ ಓದುವಾಗ ಹೆದರಿಸುವ ಅದೇ ಹೆಸರು. ನಮ್ಮ ಕೆಂಪು ರಕ್ತಕಣದ ಪೊರೆಯಲ್ಲಿ ಈ ಬಾಲಗಳನ್ನು ಹೊತ್ತ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣು ಒಂದಕ್ಕೆ ಹೆಚ್ಚುಕಡಿಮೆ ಒಂದು ಕೊಲೆಸ್ಟ್ರಾಲ್ ಇರುತ್ತದೆ. ಅದರ ಚಪ್ಪಟೆ, ಗಟ್ಟಿ ಉಂಗುರಗಳು ಬಾಲಗಳ ನಡುವೆ ತೂರಿಕೊಳ್ಳುತ್ತವೆ. ಬಿಸಿ ಹೆಚ್ಚಾದಾಗ ಪಕ್ಕದ ಬಾಲಗಳ ಅಲುಗಾಟವನ್ನು ತಡೆಯುತ್ತವೆ. ತಂಪಾದಾಗ ಬಾಲಗಳು ಒತ್ತೊತ್ತಾಗಿ ಕೂರದಂತೆ ಅಡ್ಡ ಬರುತ್ತವೆ. ಹಾಗಾಗಿ ಪೊರೆ ಎಣ್ಣೆಯಂತೆ ಒಂದು ಡಿಗ್ರಿಯಲ್ಲಿ ಥಟ್ಟನೆ ಗಟ್ಟಿಯಾಗುವುದಿಲ್ಲ.

ಅದರ ಮೇಲೆ, ನಿಮ್ಮ ಒಡಲೊಳಗೆ ಪುಣೆಯ ಚಳಿಯೇ ಇಳಿಯುವುದಿಲ್ಲ, ಅಲ್ಲಿ ಯಾವಾಗಲೂ 37 ಡಿಗ್ರಿ. ಮೀನಿಗೆ ಆ ಅನುಕೂಲವಿಲ್ಲ, ನೀರು ತಣ್ಣಗಾದರೆ ಅದರ ಮೈಯೂ ತಣ್ಣಗೆ. ಗೆಂಡೆ ಮೀನನ್ನು 30 ಡಿಗ್ರಿ ನೀರಿನಿಂದ ನಿಧಾನವಾಗಿ 10ಕ್ಕೆ ಒಗ್ಗಿಸಿದರೆ, ಅದರ ಯಕೃತ್ತಿನಲ್ಲೂ ಡಿಸ್ಯಾಚುರೇಸ್ ಜಾಸ್ತಿಯಾಗುತ್ತದೆ.

– ಸಂಪಾದಕ